ಆಗಸ್ಟ್ ತಿಂಗಳಲ್ಲಿ ನಮ್ಮಪ್ಪ ಕಾರ್ಖಾನೆಯಲ್ಲಿ ಏನು ಮಾಡುತ್ತಿದ್ದರು, ಅಧ್ಯಕ್ಷರೇ?

ಗೆ,
ಅಧ್ಯಕ್ಷರು,
ಸಹಕಾರಿ ಸಕ್ಕರೆ ಕಾರ್ಖಾನೆ,
ಬೆಳಗಾವಿ ಜಿಲ್ಲೆ

10 ಏಪ್ರಿಲ್ 2025

ಸಾಹೇಬರಿಗೆ ನಮಸ್ಕಾರ.

ನಾನು ನಿಮ್ಮ ಮಿಲ್ ಹೌಸಿನ ಫಿಟ್ಟರನ ಮಗಳು. ಕಾರ್ಖಾನೆಯ ಹೆಸರನ್ನೂ ನಿಮ್ಮ ಹೆಸರನ್ನೂ ಇಲ್ಲಿ ಬರೆದಿಲ್ಲ. ಓದಿದ ಕೂಡಲೇ ಇದು ಯಾರಿಗೆ ಬರೆದದ್ದು ಅಂತ ನಿಮಗೆ ಗೊತ್ತಾಗುತ್ತದೆ. ಅಪ್ಪನ ಗ್ರಾಚ್ಯುಟಿ, ಅಂದರೆ ಇಷ್ಟು ವರ್ಷ ದುಡಿದದ್ದಕ್ಕೆ ಕೊನೆಗೆ ಸಿಗಬೇಕಾದ ಇಡಿಗಂಟಿನ ಬಗ್ಗೆ ಕಚೇರಿಗೆ ಕೊಟ್ಟ ಮೂರು ಅರ್ಜಿಗಳಿಗೂ ಸರಿಯಾದ ಉತ್ತರ ಬರಲಿಲ್ಲ, ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಕಳೆದ ಚುನಾವಣೆಯಲ್ಲಿ ನೀವು ನಮ್ಮ ಮನೆಗೂ ಬಂದಿದ್ದಿರಿ. ಅವ್ವನ ಹೆಸರಲ್ಲಿ ಕಾರ್ಖಾನೆಯ ಷೇರು ಇದೆ, ಎರಡು ಎಕರೆ ಕಬ್ಬೂ ಇದೆ. ಕಟ್ಟೆ ಮೇಲೆ ಕೂತು ಚಹಾ ಕುಡಿದು ಹೋಗಿದ್ದಿರಿ. ಹಾಗಾಗಿ ನೀವು ನಮಗೆ ಬರೀ ಮಾಲೀಕರಲ್ಲ, ನಾವು ಆರಿಸಿ ಕಳಿಸಿದವರು.

ಅಪ್ಪ ತೀರಿಕೊಂಡಿದ್ದು 2024ರ ಆಗಸ್ಟ್ 9ರಂದು, ನಾಗರ ಪಂಚಮಿಯ ದಿನ. ಬೆಳಿಗ್ಗೆ ಎದೆ ಹಿಡಿಯಿತು. ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಹಿಂದಿನ ದಿನ ಸಂಜೆ ಡ್ಯೂಟಿ ಮುಗಿಸಿ ಬಂದಾಗ ಅವರ ಅಂಗಿಯ ತೋಳಿನಲ್ಲಿ ವೆಲ್ಡಿಂಗ್ ಕಿಡಿ ಬಿದ್ದು ಸಣ್ಣ ಸಣ್ಣ ತೂತಾಗಿದ್ದವು. ಎರಡನೇ ಮಿಲ್ಲಿನ ರೋಲರಿಗೆ ಹಲ್ಲು ಹಚ್ಚುವ ಕೆಲಸ ನಡೆದಿತ್ತಂತೆ. ಕಬ್ಬನ್ನು ಹಿಡಿದೆಳೆಯಲು ರೋಲರಿನ ಮೈ ಒರಟಾಗಿರಬೇಕು. ಒಂದು ಹಂಗಾಮು ಕಬ್ಬು ನುರಿಸಿದರೆ ಅದು ಸವೆದು ನುಣ್ಣಗಾಗುತ್ತದೆ. ಮಳೆಗಾಲದಲ್ಲಿ ಕಾರ್ಖಾನೆ ನಿಂತಾಗ ರೋಲರ್ ಬಿಚ್ಚಿ, ಬೇರಿಂಗ್ ನೋಡಿ, ವೆಲ್ಡಿಂಗ್ ಮಾಡಿ ಮತ್ತೆ ಕೂರಿಸುತ್ತಾರೆ. ಇದನ್ನು ನಿಮಗೆ ಹೇಳುವ ಅಗತ್ಯವಿಲ್ಲ. ಆದರೆ ನನ್ನ ತಕರಾರು ಪೂರ್ತಿ ನಿಂತಿರುವುದೇ ಈ ಆಗಸ್ಟ್ ತಿಂಗಳ ಮೇಲೆ.

ಜನವರಿ 20ರಂದು ನಿಮ್ಮ ಕಚೇರಿಯಿಂದ ಅವ್ವನ ಕೈಗೆ ಅಂತಿಮ ಲೆಕ್ಕದ ಹಾಳೆ ಬಂತು. ಅದರಲ್ಲಿ ಅಪ್ಪನನ್ನು 'ಹಂಗಾಮಿ ನೌಕರ' ಎಂದು ಬರೆದಿದ್ದಾರೆ, ಅಂದರೆ ಕಬ್ಬು ನುರಿಸುವ ಹಂಗಾಮಿನಲ್ಲಷ್ಟೇ ಕೆಲಸಕ್ಕೆ ಬರುವವರು. ಇಪ್ಪತ್ತೆಂಟು ಹಂಗಾಮು, ಹಂಗಾಮಿಗೆ ಏಳು ದಿನದ ಪಗಾರ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20,800 ರೂಪಾಯಿ. ಗ್ರಾಚ್ಯುಟಿ ಲೆಕ್ಕಕ್ಕೆ ತಿಂಗಳೆಂದರೆ 26 ದಿನ, ಹಾಗಾಗಿ ದಿನಕ್ಕೆ 800 ರೂಪಾಯಿ. ಎಲ್ಲಾ ಗುಣಿಸಿ 1,56,800 ರೂಪಾಯಿ ಅಂತ ಹಾಕಿದ್ದಾರೆ. ಗುಣಾಕಾರ ಸರಿ ಇದೆ. ನಾನು ಬಿಕಾಂ ಓದಿ ಗೋಕಾಕದಲ್ಲಿ ಆಡಿಟರ್ ಹತ್ತಿರ ಕೆಲಸ ಮಾಡುತ್ತೇನೆ, ಮೊದಲು ನೋಡಿದ್ದು ಅದನ್ನೇ. ತಪ್ಪಿರುವುದು ಆ 'ಹಂಗಾಮಿ' ಎಂಬ ಪದದಲ್ಲಿ.

1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಏಳು ದಿನದ ಲೆಕ್ಕ ಇರುವುದು ನಿಜ. ಅದು ಯಾರಿಗೆ ಎಂದೂ ಅದರಲ್ಲೇ ಬರೆದಿದೆ. ಕಾರ್ಖಾನೆ ಹಂಗಾಮಿನದಾಗಿದ್ದರೆ ಸಾಲದು, ಆ ನೌಕರನೂ ವರ್ಷಪೂರ್ತಿ ಕೆಲಸದಲ್ಲಿ ಇಲ್ಲದವನಾಗಿರಬೇಕು. ಎರಡೂ ಕೂಡಿದರೆ ಮಾತ್ರ ಏಳು ದಿನ. ಉಳಿದವರಿಗೆಲ್ಲ ವರ್ಷಕ್ಕೆ ಹದಿನೈದು ದಿನ. ನಿಮ್ಮ ಕಚೇರಿಯವರು ಮೊದಲ ಅರ್ಧ ಓದಿ ಪುಸ್ತಕ ಮುಚ್ಚಿದ್ದಾರೆ. ಸಕ್ಕರೆ ಕಾರ್ಖಾನೆ ಅಂದಮೇಲೆ ಎಲ್ಲರೂ ಹಂಗಾಮಿಗಳೇ ಅಂದುಕೊಂಡಂತಿದೆ.

ಅಪ್ಪ 1996ರಲ್ಲಿ ಸೇರಿದಾಗ ಹಂಗಾಮಿಯೇ ಆಗಿದ್ದರು, ಸುಳ್ಳು ಹೇಳುವುದಿಲ್ಲ. ದೀಪಾವಳಿ ಸುಮಾರಿಗೆ ಕರೆದರೆ ಹೋಗುತ್ತಿದ್ದರು, ಕಬ್ಬು ಮುಗಿದರೆ ಮನೆ. ಆರು ಹಂಗಾಮು ಹೀಗೇ ನಡೆಯಿತು. 2002ರ ನವೆಂಬರಿನಲ್ಲಿ ಅವರನ್ನು ವರ್ಷವಿಡೀ ಕೆಲಸದ ಕಾಯಂ ಫಿಟ್ಟರ್ ಮಾಡಿ ಆದೇಶ ಕೊಟ್ಟಿರಿ. ಆ ಕಾಗದ ಮಡಿಕೆಯಲ್ಲಿ ಹರಿದಿದೆ, ಅಪ್ಪ ಅದಕ್ಕೆ ಹಿಂದಿನಿಂದ ಸೆಲ್ಲೋಟೇಪ್ ಹಚ್ಚಿದ್ದಾರೆ. ಜಾವಕ ನಂಬರ್, ಶಿಕ್ಕಾ, ಎಂಡಿಯವರ ಸಹಿ ಮೂರೂ ಚೊಕ್ಕ ಕಾಣುತ್ತವೆ. ಅದರ ಜೆರಾಕ್ಸ್ ಅರ್ಜಿಯ ಜೊತೆ ಕೊಟ್ಟೆ. "ಇದರ ಆಫೀಸ್ ಕಾಪಿ ನಮ್ಮ ಫೈಲಿನ್ಯಾಗ ಸಿಗವಲ್ದು" ಅಂದರು.

ಸಿಗದಿದ್ದರೆ ಹೋಗಲಿ. ಅಪ್ಪನ ಮೊಬೈಲ್ ಇನ್ನೂ ಚಾಲೂ ಇಟ್ಟಿದ್ದೇನೆ. ಪಿಎಫ್ ಪಾಸ್‌ಬುಕ್ ನೋಡಬೇಕೆಂದರೆ ಒಟಿಪಿ ಆ ನಂಬರಿಗೇ ಬರುತ್ತದೆ ಅಲ್ವಾ. ಪಾಸ್‌ಬುಕ್ಕಿನಲ್ಲಿ ತಿಂಗಳಿಗೊಂದು ಸಾಲು ಇರುತ್ತದೆ. ಜನವರಿಯಲ್ಲಿ ಅಪ್ಪನ ವಂತಿಗೆ 1,800 ರೂಪಾಯಿ. ಮೇ ತಿಂಗಳಲ್ಲೂ 1,800. ಜೂನ್, ಜುಲೈಗಳಲ್ಲೂ ಅಷ್ಟೇ. ನಮ್ಮ ಓಣಿಯಲ್ಲೇ ನಿಮ್ಮ ಒಬ್ಬ ಹಂಗಾಮಿ ನೌಕರ ಇದ್ದಾರೆ. ಅವರ ಪಾಸ್‌ಬುಕ್ಕನ್ನೂ ಕೇಳಿ ನೋಡಿದೆ. ಕಾರ್ಖಾನೆ ನಿಂತ ತಿಂಗಳುಗಳಲ್ಲಿ ಅವರಿಗೆ ಪೂರ್ತಿ ಪಗಾರ ಇಲ್ಲ, ಅದರ ಒಂದು ಭಾಗ ರಿಟೇನಿಂಗ್ ಅಲೌನ್ಸ್ ಅಂತ ಸಿಗುತ್ತದೆ. ಹಾಗಾಗಿ ಆ ಸಾಲುಗಳಲ್ಲಿ ವಂತಿಗೆಯೂ ಇಳಿದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹಂಗಾಮಿ ಯಾರು, ಕಾಯಂ ಯಾರು ಅಂತ ಓದು ಬರದವರಿಗೂ ತಿಳಿಯುತ್ತದೆ. ಇದು ನಾನು ಬರೆದ ಲೆಕ್ಕವಲ್ಲ, ತಿಂಗಳು ತಿಂಗಳು ನೀವೇ ಕಟ್ಟಿದ್ದು.

ಇದೂ ಸಾಲದಿದ್ದರೆ ಕಳೆದ ಆಗಸ್ಟ್ ತಿಂಗಳ ಮಸ್ಟರ್ ತೆಗೆಸಿ ನೋಡಿ. 8ನೇ ತಾರೀಖಿನವರೆಗೆ ಅಪ್ಪನ ಹಾಜರಿ ಇದೆ. ಆಗ ಕಾರ್ಖಾನೆಯಲ್ಲಿ ಒಂದು ಜಲ್ಲೆ ಕಬ್ಬೂ ಇರಲಿಲ್ಲ. ಅಪ್ಪ ಹಂಗಾಮಿಯಾಗಿದ್ದರೆ ಆ ದಿನ ರೋಲರ್ ಹತ್ತಿರ ಅವರಿಗೇನು ಕೆಲಸ?

ಈಗ ನನ್ನ ಲೆಕ್ಕ. ಮೊದಲ ಆರು ಹಂಗಾಮಿಗೆ ಏಳು ದಿನವೇ ಇರಲಿ, ಅದಕ್ಕೆ ನಾನು ಜಗಳಾಡುವುದಿಲ್ಲ. ಅದು 33,600 ರೂಪಾಯಿ. 2002ರ ನವೆಂಬರಿನಿಂದ 2024ರ ಆಗಸ್ಟ್‌ವರೆಗೆ ಇಪ್ಪತ್ತೊಂದು ವರ್ಷ ಒಂಬತ್ತು ತಿಂಗಳು. ಆರು ತಿಂಗಳಿಗಿಂತ ಜಾಸ್ತಿ ಇದ್ದರೆ ಪೂರ್ತಿ ವರ್ಷ ಎಂದು ಹಿಡಿಯಬೇಕು, ಹಾಗಾಗಿ ಇಪ್ಪತ್ತೆರಡು. ವರ್ಷಕ್ಕೆ ಹದಿನೈದು ದಿನ ಅಂದರೆ 12,000, ಇಪ್ಪತ್ತೆರಡು ವರ್ಷಕ್ಕೆ 2,64,000. ಎರಡೂ ಸೇರಿ 2,97,600 ರೂಪಾಯಿ. ನಿಮ್ಮ ಹಾಳೆಗೂ ನನ್ನ ಹಾಳೆಗೂ 1,40,800 ರೂಪಾಯಿ ವ್ಯತ್ಯಾಸ. ಒಂದು ಪದಕ್ಕೆ ಇಷ್ಟು ಬೆಲೆ.

ರಜೆಯ ಪಗಾರ ಬೇರೆ. ಅಪ್ಪನ ಲೀವ್ ಕಾರ್ಡಿನಲ್ಲಿ 30 ದಿನ ಉಳಿದಿದೆ, 24,000 ರೂಪಾಯಿ ಆಗುತ್ತದೆ. ನೌಕರ ತೀರಿಕೊಂಡರೆ ಎರಡು ತಿಂಗಳೊಳಗೆ ಇದನ್ನು ಮನೆಯವರಿಗೆ ಕೊಡಬೇಕು ಅಂತ ಕಾರ್ಖಾನೆಗಳ ಕಾಯ್ದೆಯಲ್ಲೇ ಇದೆ. ನಿಮ್ಮ ಹಾಳೆಯಲ್ಲಿ ಆ ಸಾಲೇ ಇಲ್ಲ.

ಇನ್ನು ಈ ಎಂಟು ತಿಂಗಳ ಕತೆ. ಸೆಪ್ಟೆಂಬರ್ 23ಕ್ಕೆ ಅವ್ವನ ಅರ್ಜಿ ಕೊಟ್ಟೆವು. ಗ್ರಾಚ್ಯುಟಿ ನಾಮಿನಿ ಫಾರ್ಮಿನಲ್ಲಿ ಅವ್ವನ ಹೆಸರೇ ಇದೆ. ಆದರೂ ತಹಶೀಲ್ದಾರ್ ಕಚೇರಿಯಿಂದ ವಾರಸಾ ದಾಖಲೆ ತನ್ನಿ ಎಂದರು. ನಾಮಿನಿ ಇದ್ದಾಗ ಅದು ಬೇಕಿಲ್ಲ ಅಂತ ಆಗ ನನಗೂ ಗೊತ್ತಿರಲಿಲ್ಲ. ಸುಮ್ನೆ ಎರಡು ತಿಂಗಳು ಹೋಯಿತು. ಅಸಲಿಗೆ ಯಾರೂ ಅರ್ಜಿ ಕೊಡದಿದ್ದರೂ ಮೊತ್ತ ಎಷ್ಟೆಂದು ಲೆಕ್ಕ ಹಾಕಿ ತಿಳಿಸುವ ಕೆಲಸ ಕಾರ್ಖಾನೆಯದೇ. ಮೂವತ್ತು ದಿನದೊಳಗೆ ಕೊಡುವುದೂ ನಿಮ್ಮದೇ ಹೊಣೆ.

ಹಾಳೆ ಬಂದಮೇಲೆ ಅವ್ವನನ್ನು ಕರೆದುಕೊಂಡು ಕಚೇರಿಗೆ ಹೋದೆ. ಟೈಮ್ ಆಫೀಸಿನ ಹಿರಿಯರೊಬ್ಬರು ಚೆಕ್ ತೋರಿಸಿದರು. ಪಕ್ಕದಲ್ಲಿ ಒಂದು ರಸೀದಿ, 'ಇನ್ನು ಮುಂದೆ ಯಾವ ಬಾಕಿಯೂ ಇರುವುದಿಲ್ಲ' ಎಂದು ಟೈಪ್ ಮಾಡಿದ್ದು.

"ಸಹಿ ಮಾಡಿಸ ತಂಗಿ, ಚೆಕ್ ತಯಾರ್ ಐತಿ."

"ಕಾಕಾ, ಚೆಕ್ ತಗೋತೀವಿ. ಲೆಕ್ಕ ಒಪ್ಪಿಲ್ಲ ಅಂತ ಬರದ ಸಹಿ ಮಾಡಿಸ್ತೀನಿ."

"ಹಂಗ ಬರದ್ರ ಕೊಡಬ್ಯಾಡ ಅಂದಾರ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪನ ಮಣ್ಣಿಗೆ ಬಂದು ಕೊನೆತನಕ ನಿಂತವರು. 'ಅಂದಾರ' ಅಂದರಲ್ಲ, ಹಾಗೆ ಅಂದವರಿಗೆ ಒಂದು ಮಾತು ತಿಳಿಸಿ. ಮೊತ್ತದ ಬಗ್ಗೆ ತಕರಾರು ಇದ್ದರೆ, ಮಾಲೀಕರು ತಾವು ಒಪ್ಪಿದಷ್ಟನ್ನು ಗ್ರಾಚ್ಯುಟಿಯ ನಿಯಂತ್ರಣ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ನೀವೇ ಒಪ್ಪಿದ ದುಡ್ಡನ್ನು ಸಹಿಗೆ ಗಂಟು ಹಾಕುವಂತಿಲ್ಲ. ತಡವಾದದ್ದಕ್ಕೆ ಬಡ್ಡಿಯೂ ಇದೆ, ವರ್ಷಕ್ಕೆ ನೂರಕ್ಕೆ ಹತ್ತು, ಸಾದಾ ಬಡ್ಡಿ. 2,97,600ಕ್ಕೆ ತಿಂಗಳಿಗೆ 2,480 ರೂಪಾಯಿ. ನಿನ್ನೆಗೆ ಎಂಟು ತಿಂಗಳು ತುಂಬಿತು, 19,840 ಆಯಿತು.

ಕಾರ್ಖಾನೆ ಅಡಚಣೆಯಲ್ಲಿದೆ, ಮೊದಲು ರೈತರ ಬಿಲ್ ಅಂತ ನೀವು ಹೇಳಬಹುದು. ಕಬ್ಬು ಕಳಿಸಿ 14 ದಿನದೊಳಗೆ ಬಿಲ್ ಕೊಡಬೇಕೆಂಬ ನಿಯಮ ನನಗೂ ಗೊತ್ತು. ನಮ್ಮ ಮನೆಯ ಕಬ್ಬೂ ನಿಮ್ಮಲ್ಲಿಗೇ ಬರುತ್ತದೆ. ಆದರೆ ರೈತರ ಬಿಲ್ ತಡವಾದರೆ ಗೇಟಿನ ಮುಂದೆ ಟ್ರ್ಯಾಕ್ಟರ್ ನಿಲ್ಲುತ್ತವೆ. ಫಿಟ್ಟರ್ ಸತ್ತರೆ ಗೇಟಿಗೆ ಬರುವುದು ಅವನ ಹೆಂಡತಿ, ಮಗಳು, ಒಂದು ಪ್ಲಾಸ್ಟಿಕ್ ಫೈಲು. ವಾಚ್‌ಮನ್ ಕುರ್ಚಿ ಕೊಟ್ಟು ಕೂರಿಸುತ್ತಾನೆ, ಅಷ್ಟೇ.

ನಾನು ಕೇಳುವುದು ಇಷ್ಟೇ. ಆ 'ಹಂಗಾಮಿ' ಎಂಬ ಪದ ತೆಗೆದು ಹೊಸ ಹಾಳೆ ಮಾಡಿಸಿ. ರಜೆಯ ಪಗಾರ, ಬಡ್ಡಿ ಸೇರಿಸಿ ಅವ್ವನ ಖಾತೆಗೆ ಹಾಕಿಸಿ. ಪ್ರಾಧಿಕಾರಕ್ಕೆ ತಕರಾರಿನ ಅರ್ಜಿ, ಅಂದರೆ ಫಾರಂ 'ಎನ್' ಹಾಕಲು 90 ದಿನ ಇರುತ್ತದೆ. ನಿಮ್ಮ ಹಾಳೆ ಬಂದ ದಿನದಿಂದ ಎಣಿಸಿದರೆ ಏಪ್ರಿಲ್ 20ಕ್ಕೆ ಮುಗಿಯುತ್ತದೆ. ಅದು ಭಾನುವಾರ, 18 ಗುಡ್ ಫ್ರೈಡೇ. ಹಾಗಾಗಿ 17ರ ಗುರುವಾರ ಬೆಳಿಗ್ಗೆ ಬಸ್ಸಿಗೆ ನಾನೂ ಅವ್ವನೂ ಬೆಳಗಾವಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗುತ್ತೇವೆ. ಬುಧವಾರದೊಳಗೆ ನಿಮ್ಮಿಂದ ಫೋನ್ ಬಂದರೆ ಆ ಬಸ್ ಚಾರ್ಜು ಉಳಿಯುತ್ತದೆ.

ಇನ್ನೊಂದು ಮರೆತಿದ್ದೆ. ನಿಮ್ಮ ಹಾಳೆಯ ಕೊನೆಗೆ ಒಂದು ಚೈನ್ ಪುಲ್ಲಿಯ ಬಾಬತ್ತು 11,400 ರೂಪಾಯಿ ಮುರಿದುಕೊಂಡಿದ್ದಾರೆ. ಅಪ್ಪನ ಹೆಸರಲ್ಲಿ ಸ್ಟೋರಿನಿಂದ ಹೋಗಿದೆ, ವಾಪಸ್ ಬಂದಿಲ್ಲವಂತೆ. ಗ್ರಾಚ್ಯುಟಿಯಲ್ಲಿ ಹೀಗೆಲ್ಲ ಮುರಿದುಕೊಳ್ಳಲು ಬರುವುದಿಲ್ಲ, ಅದು ಬೇರೆ ಮಾತು. ಅಪ್ಪನ ಜೋಡಿ ಕೆಲಸ ಮಾಡುತ್ತಿದ್ದ ಹೆಲ್ಪರ್ ಹುಡುಗನನ್ನು ಕೇಳಿದೆ. ಅದು ಎಲ್ಲೂ ಹೋಗಿಲ್ಲ. ಎರಡನೇ ಮಿಲ್ಲಿನ ಮೇಲಿನ ಗರ್ಡರಿಗೆ ಅಪ್ಪ ಕಟ್ಟಿದಲ್ಲೇ ನೇತಾಡುತ್ತಿದೆ, ಈ ಹಂಗಾಮಿನಲ್ಲೂ ಅದನ್ನೇ ಬಳಸಿದ್ದಾರೆ. ಸ್ಟೋರಿನವರನ್ನು ಒಮ್ಮೆ ಅಲ್ಲಿಗೆ ಕಳಿಸಿ ತಲೆ ಎತ್ತಿ ನೋಡಲು ಹೇಳಿ.

ಇಂತಿ,
ನಿಮ್ಮ ಮಿಲ್ ಹೌಸ್ ಫಿಟ್ಟರನ ಮಗಳು