ನಮ್ಮ ಅಭಿಪ್ರಾಯ ಫಾರಂ ಬದಲಾಗಿದೆ: ಸ್ನಾನದ ಹೊತ್ತು ಯಾಕೆ ಕೇಳುತ್ತೇವೆ?

ಪ್ರಿಯ ಅತಿಥಿಗಳೇ, ನಮಸ್ಕಾರ.

ತೀರ್ಥಹಳ್ಳಿ ಸುತ್ತಮುತ್ತಲ ನಮ್ಮ ಸಂಘದ 7 ಹೋಂಸ್ಟೇ ಮನೆಗಳಲ್ಲಿ ಯಾವುದಕ್ಕಾದರೂ ನೀವು ಮೊದಲು ಬಂದಿದ್ದರೆ, ಹೊರಡುವಾಗ ಕೈಗೆ ಬರುತ್ತಿದ್ದ ಹಳದಿ ಫಾರಂ ನೆನಪಿರಬಹುದು. 12 ಪ್ರಶ್ನೆ, ಒಂದೊಂದಕ್ಕೂ 5 ನಕ್ಷತ್ರ, ಕೊನೆಗೆ ‘ನಿಮ್ಮ ಅನಿಸಿಕೆ’ ಅಂತ ನಾಲ್ಕು ಗೆರೆ. ಈ ಮಳೆಗಾಲದಿಂದ ಅದು ಇಲ್ಲ. ಬದಲಿಗೆ 6 ಪ್ರಶ್ನೆಗಳ ಫಾರಂ ಬಂದಿದೆ. ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಸಿಗುತ್ತದೆ. ಅದನ್ನು ನೋಡಿದ ಕೆಲವರು ‘ಇದೇನ್ರಿ, ಸ್ನಾನ ಎಷ್ಟು ಗಂಟೆಗೆ ಮಾಡಿದ್ರಿ ಅಂತೆಲ್ಲಾ ಕೇಳ್ತೀರಿ’ ಎಂದು ನಕ್ಕರು. ಅವರಿಗೆ ನಿಂತಲ್ಲೇ ಉತ್ತರ ಹೇಳುವಷ್ಟು ಹೊತ್ತು ಇರಲಿಲ್ಲ. ಅದಕ್ಕೇ ಈ ಪತ್ರ.

ಹಳೇ ಫಾರಂಗಳ ಕಟ್ಟು ನಮ್ಮ ಕಚೇರಿಯ ಬೀರುವಿನಲ್ಲಿ ಇನ್ನೂ ಇದೆ. ಒಂದು ಮಧ್ಯಾಹ್ನ ಅದನ್ನು ಬಿಚ್ಚಿಕೊಂಡು ಕೂತಿದ್ದೆವು. ಮಳೆಗಾಲಕ್ಕೆ ಮುಂಚೆ ಯಾವ ಮನೆಯಲ್ಲಿ ಏನು ರಿಪೇರಿ ಮಾಡಿಸಬೇಕು ಅಂತ ಅದರಿಂದ ತಿಳಿಯಬಹುದು ಎನ್ನುವುದು ನಮ್ಮ ಆಸೆ. ಎಲ್ಲ ಕಡೆ 4, 5 ನಕ್ಷತ್ರ. ‘ತುಂಬಾ ಚೆನ್ನಾಗಿತ್ತು’, ‘ಮನೆಯವರ ಆದರ ಮರೆಯಲಾಗದು’. ಓದಲು ಖುಷಿಯಾಗುತ್ತದೆ, ನಿಜ. ಆದರೆ ಆ ಫಾರಂಗಳು ಬಂದ ಚಳಿಗಾಲದಲ್ಲೇ ಒಂದು ಮನೆಯ ಬಿಸಿನೀರಿನ ಬಗ್ಗೆ ನಮಗೆ ಫೋನಿನಲ್ಲಿ ಮೂರು ಸಲ ದೂರು ಬಂದಿತ್ತು. ಫಾರಂನಲ್ಲಿ ಅದರ ಸುಳಿವೇ ಇಲ್ಲ.

ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಹಳೇ ಫಾರಂನ 4ನೇ ಪ್ರಶ್ನೆ ಹೀಗಿತ್ತು: ‘ಕೋಣೆ ಹಾಗೂ ಬಿಸಿನೀರಿನ ವ್ಯವಸ್ಥೆ ತೃಪ್ತಿಕರವಾಗಿತ್ತೇ?’ ಕೋಣೆ ಚೆನ್ನಾಗಿತ್ತು, ನೀರು ತಣ್ಣಗಿತ್ತು ಅನ್ನುವವರು ಏನು ಬರೆಯಬೇಕು? ಎರಡನ್ನೂ ಸೇರಿಸಿ 4 ನಕ್ಷತ್ರ ಕೊಟ್ಟು ಮುಗಿಸಿದ್ದಾರೆ. ಆ 4ನ್ನು ಇಟ್ಟುಕೊಂಡು ನಾವು ಒಲೆ ಸರಿಮಾಡಿಸಬೇಕೋ, ಹಾಸಿಗೆ ಬದಲಾಯಿಸಬೇಕೋ? ಜೊತೆಗೆ ಇನ್ನೊಂದು ಮಾತಿದೆ. ಆ ಫಾರಂ ತುಂಬುವಾಗ ಮನೆಯ ಅಕ್ಕ ಎದುರಿಗೇ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದರು. ಅವರ ಮುಂದೆ ಯಾರು 2 ನಕ್ಷತ್ರ ಕೊಡುತ್ತಾರೆ, ಹೇಳಿ.

ಇನ್ನು 9ನೇ ಪ್ರಶ್ನೆ. ‘ನಿಮಗೆ ಯಾವುದೇ ತೊಂದರೆ ಆಗಲಿಲ್ಲ ತಾನೇ?’ ಕನ್ನಡದವರಲ್ಲಿ ಕೆಲವರು ‘ಹೌದು’ ಎಂದು ಬರೆದಿದ್ದಾರೆ, ಅಂದರೆ ಹೌದು, ಆಗಲಿಲ್ಲ. ಕೆಲವರು ‘ಇಲ್ಲ’ ಎಂದಿದ್ದಾರೆ. ಅದೂ ಆಗಲಿಲ್ಲ ಎಂದೇ. ಇಂಗ್ಲಿಷ್ ಫಾರಂನಲ್ಲಿ ತೊಂದರೆ ಆಗದವರೆಲ್ಲ ‘ನೋ’ ಎಂದಿದ್ದಾರೆ, ಆ ಭಾಷೆಯ ರೂಢಿ ಹಾಗೆ. ಲೆಕ್ಕ ಹಾಕುವ ನಮ್ಮ ಹುಡುಗ ‘ಹೌದು’ಗಳನ್ನೂ ‘ಯೆಸ್’ಗಳನ್ನೂ ಒಂದು ಕಡೆ ಕೂಡಿಸಿದ. ‘ಇಲ್ಲ’ ಮತ್ತು ‘ನೋ’ ಇನ್ನೊಂದು ಕಡೆ. ಅವನದೇನೂ ತಪ್ಪಿಲ್ಲ. ಆದರೆ ನೆಮ್ಮದಿಯಾಗಿ ಹೋದವರು ಎರಡೂ ಗುಂಪಿನಲ್ಲಿ ಹಂಚಿಹೋದರು. ಅಲ್ಲೊಂದು ಇಲ್ಲೊಂದು ನಿಜವಾದ ದೂರು ಇದ್ದರೆ ಅದೂ ಅವರ ನಡುವೆ ಕಳೆದುಹೋಯಿತು. ‘ಇಲ್ಲ’ ಇರುವ ಪ್ರಶ್ನೆ ಕೇಳಿ ಹೌದು, ಇಲ್ಲ ಎಂಬ ಉತ್ತರ ಪಡೆದರೆ ಹೀಗೇ ಆಗುವುದು. ಹೊಸ ಫಾರಂನಲ್ಲಿ ಅಂಥ ಪ್ರಶ್ನೆ ಒಂದೂ ಇಲ್ಲ.

ಬಿಸಿನೀರಿನ ಪ್ರಶ್ನೆಗೆ ಮತ್ತೆ ಬರುತ್ತೇನೆ. ಅದನ್ನು ಸರಿಮಾಡಲು ನಮಗೆ ನಾಲ್ಕು ಸಲ ಬರೆಯಬೇಕಾಯಿತು.

ಮೊದಲು ಕೋಣೆಯಿಂದ ನೀರನ್ನು ಬೇರೆ ಮಾಡಿ, ‘ಬಿಸಿನೀರು ಹೇಗಿತ್ತು?’ ಎಂದು ಕೇಳಿದೆವು. ಉತ್ತರಕ್ಕೆ ಮೂರು ಚೌಕ: ಚೆನ್ನಾಗಿತ್ತು, ಪರವಾಗಿಲ್ಲ, ಚೆನ್ನಾಗಿರಲಿಲ್ಲ. ನಮ್ಮ ಊರಿನಲ್ಲಿ ‘ಪರವಾಗಿಲ್ಲ’ ಅಂದರೆ ಸಾಕಷ್ಟು ಚೆನ್ನಾಗಿದೆ ಎಂದೂ ಆಗುತ್ತದೆ. ‘ಹೋಗಲಿ ಬಿಡಿ, ಏನು ಮಾಡೋದು’ ಎಂದೂ ಆಗುತ್ತದೆ. ಕನ್ನಡದಲ್ಲೇ ಎರಡು ಅರ್ಥ ಇರುವ ಮಾತು ಬೇರೆ ಭಾಷೆಗೆ ಹೋದರೆ ಕೇಳಬೇಕೇ? ಇಂಗ್ಲಿಷ್ ಮಾಡಿದವರು ಅದನ್ನು ‘ನೋ ಪ್ರಾಬ್ಲಂ’ ಮಾಡಿಬಿಟ್ಟರು. ನಡುವಿನ ಉತ್ತರ ಹೋಗಿ ಪೂರ್ತಿ ಹೊಗಳಿಕೆಯ ಪಕ್ಕ ಕೂತಿತು.

ಎರಡನೇ ಸಲ ಜಾಣತನ ಮಾಡಿದೆವು. ‘ಬಿಸಿ, ಉಗುರು ಬೆಚ್ಚಗೆ, ತಣ್ಣಗೆ’ ಎಂದು ಹಾಕಿದೆವು. ಅನುವಾದ ಸರಿಯಿದೆಯಾ ಎಂದು ನೋಡಲು ಒಂದು ಹಳೆಯ ಉಪಾಯವಿದೆ. ಒಬ್ಬರು ಕನ್ನಡದಿಂದ ಇಂಗ್ಲಿಷ್ ಮಾಡುತ್ತಾರೆ. ಕನ್ನಡದ ಮೂಲ ನೋಡದ ಇನ್ನೊಬ್ಬರು ಆ ಇಂಗ್ಲಿಷನ್ನು ವಾಪಸ್ ಕನ್ನಡಕ್ಕೆ ತರುತ್ತಾರೆ. ಎರಡು ಕನ್ನಡವನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲಿ ಜಾರಿದೆ ಎಂದು ಕಾಣುತ್ತದೆ. ನಾವೂ ಹಾಗೇ ಮಾಡಿದೆವು. ಅಕ್ಷರ ಬಿಡದೆ ಸರಿಯಾಗಿ ವಾಪಸ್ ಬಂತು. ಉಗುರು ಬೆಚ್ಚಗೆ ಹೋಗಿ ಉಗುರು ಬೆಚ್ಚಗೆಯೇ ಬಂತು. ಬಹಳ ಖುಷಿಪಟ್ಟೆವು.

ಆಮೇಲೆ ಇಂಗ್ಲಿಷ್ ಫಾರಂ ನೋಡಿದರೆ ಅಲ್ಲಿದ್ದದ್ದು ‘ನೇಲ್ ವಾರ್ಮ್’! ಒಬ್ಬರು ಪದಕ್ಕೆ ಪದ ಇಟ್ಟಿದ್ದರು. ಇನ್ನೊಬ್ಬರು ಕನ್ನಡದವರೇ ಆದ್ದರಿಂದ ಅದು ಏನೆಂದು ಥಟ್ಟನೆ ಗೊತ್ತಾಗಿ ಸರಿಯಾಗಿ ತಿರುಗಿಸಿದ್ದರು. ಇಂಗ್ಲಿಷ್ ಮಾತ್ರ ಬಲ್ಲ ಅತಿಥಿಗೆ ಅದು ಏನೂ ಹೇಳುವುದಿಲ್ಲ. ಹಾಗಾಗಿ ಪದಕ್ಕೆ ಪದ ಇಟ್ಟ ಅನುವಾದವೇ ವಾಪಸ್ ಬರುವ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತದೆ ಎಂದು ಆವತ್ತು ಕಲಿತೆವು. ಈಗಲೂ ಆ ಪರೀಕ್ಷೆ ಮಾಡುತ್ತೇವೆ. ಆದರೆ ಅದರ ನಂತರ ಆ ಭಾಷೆಯ ಒಬ್ಬ ಅತಿಥಿಯ ಹತ್ತಿರ ಕೂತು, ‘ಈ ಪ್ರಶ್ನೆ ಏನು ಕೇಳ್ತಿದೆ, ನಿಮ್ಮ ಮಾತಿನಲ್ಲಿ ಹೇಳಿ’ ಎನ್ನುತ್ತೇವೆ. ‘ಅರ್ಥ ಆಯ್ತಾ’ ಎಂದು ಕೇಳಿದರೆ ಎಲ್ಲರೂ ಆಯ್ತು ಎನ್ನುತ್ತಾರೆ. ಅದರಿಂದ ಉಪಯೋಗವಿಲ್ಲ.

ಮೂರನೇ ಸಲ ನೀರಿನ ಗುಣ ಕೇಳುವುದು ಬಿಟ್ಟು, ಅತಿಥಿ ಏನು ಮಾಡಿದರು ಎಂದು ಕೇಳಿದೆವು. ಅಲ್ಲಿಗೆ ಹಾದಿ ಸಿಕ್ಕಿತು. ಬಿಸಿ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ತಣ್ಣೀರು ಬೆರೆಸುವುದು ಯಾವ ಭಾಷೆಯಲ್ಲೂ ತಣ್ಣೀರು ಬೆರೆಸುವುದೇ. ನಾಲ್ಕನೇ ಸಲ ಅದಕ್ಕೆ ಹೊತ್ತನ್ನೂ ಸೇರಿಸಿದೆವು. ಈಗ ಫಾರಂನಲ್ಲಿ ಇರುವುದು ಹೀಗೆ:

2. ಇವತ್ತು ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಹಂಡೆಯ ನೀರು ಹೇಗಿತ್ತು?
2-1 ತಣ್ಣೀರು ಬೆರೆಸಿಕೊಳ್ಳಬೇಕಾಯಿತು
2-2 ಬೆರೆಸದೆ ಹಾಗೇ ಮೈಮೇಲೆ ಹಾಕಿಕೊಂಡೆ, ಚಳಿ ಆಗಲಿಲ್ಲ
2-3 ಬೆರೆಸದೆ ಹಾಕಿಕೊಂಡೆ, ಚಳಿ ಆಯಿತು
2-4 ನನ್ನ ಸರದಿ ಬರುವಾಗ ಬಿಸಿನೀರು ಮುಗಿದಿತ್ತು
2-5 ಬೆಳಿಗ್ಗೆ ಇಲ್ಲಿ ಸ್ನಾನ ಮಾಡಲಿಲ್ಲ
ಆಗ ಸುಮಾರು ಎಷ್ಟು ಗಂಟೆ? ____

ಆ 2-5 ಇಲ್ಲದಿದ್ದರೆ ಸ್ನಾನ ಮಾಡದವರೂ ಯಾವುದೋ ಒಂದಕ್ಕೆ ಗುರುತು ಹಾಕಿ ಹೋಗುತ್ತಾರೆ. ಉತ್ತರದ ಪಕ್ಕದ ಅಂಕಿ ಮೂರೂ ಭಾಷೆಯಲ್ಲಿ ಒಂದೇ. ಹಿಂದಿ ಫಾರಂನ 2-3 ಮತ್ತು ಕನ್ನಡ ಫಾರಂನ 2-3 ಒಂದೇ ಮಾತು. ಲೆಕ್ಕ ಬರೆಯುವವರಿಗೆ ಹಿಂದಿ ಬರಲೇಬೇಕೆಂದಿಲ್ಲ.

ಇದನ್ನು ಎರಡು ಮನೆಗಳಲ್ಲಿ ಜೂನ್, ಜುಲೈ ತಿಂಗಳು ಇಟ್ಟು ನೋಡಿದೆವು. ಫೋನಿನಲ್ಲಿ ದೂರು ಬಂದಿದ್ದ ಮನೆಯ ಫಾರಂಗಳನ್ನು ಗಂಟೆಯ ಪ್ರಕಾರ ಜೋಡಿಸಿದ ಕೂಡಲೇ ಕಾಣಿಸಿತು. 7 ಗಂಟೆಯೊಳಗೆ ಸ್ನಾನ ಮಾಡಿದವರೆಲ್ಲ 2-1. ಎಂಟರ ಮೇಲೆ ಹೋದವರು 2-3, 2-4. ಹೋಗಿ ನೋಡಿದರೆ ವಿಷಯ ಸರಳ. ಅಲ್ಲಿ ಒಂದೇ ಹಂಡೆ. ಇಬ್ಬರ ಸ್ನಾನ ಆಗುತ್ತಿದ್ದಂತೆ ಅಕ್ಕ ಅದಕ್ಕೆ ತಣ್ಣೀರು ತುಂಬುತ್ತಿದ್ದರು, ಆದರೆ ಅಷ್ಟೊತ್ತಿಗೆ ರೊಟ್ಟಿ ತಟ್ಟುವ ಗಡಿಬಿಡಿಯಲ್ಲಿ ಬಚ್ಚಲೊಲೆಯ ಸೌದೆ ಒಳಗೆ ತಳ್ಳಲು ಯಾರೂ ಇರುತ್ತಿರಲಿಲ್ಲ. ಮಳೆಗಾಲದ ಹಸಿ ಸೌದೆ ತಾನಾಗಿ ಎಲ್ಲಿ ಉರಿಯುತ್ತದೆ? ಈಗ ಇನ್ನೊಂದು ಹಂಡೆ ಕೂರಿಸಿದ್ದೇವೆ, ಒಣ ಅಡಿಕೆ ಸಿಪ್ಪೆಯ ಮೂಟೆಗಳನ್ನು ಬಚ್ಚಲ ಅಟ್ಟದಲ್ಲೇ ಇಟ್ಟಿದ್ದೇವೆ. ಹಳೇ ಫಾರಂ ನೂರು ಬಂದಿದ್ದರೂ ಇದು ತಿಳಿಯುತ್ತಿರಲಿಲ್ಲ.

ಊಟದ ಪ್ರಶ್ನೆಯೂ ಹೀಗೇ ಬದಲಾಗಿದೆ. ಮೊದಲು ‘ಊಟ ಬಿಸಿಬಿಸಿಯಾಗಿತ್ತೇ?’ ಎಂದಿತ್ತು. ತಂಬುಳಿ ಬಡಿಸುವ ಮನೆಯಲ್ಲಿ ಇದನ್ನು ಕೇಳಿದ್ದೇ ತಪ್ಪು, ಅದು ತಣ್ಣಗೇ ಇರಬೇಕಾದದ್ದು! ಇಂಗ್ಲಿಷಿನಲ್ಲಿ ಅದು ‘ಹಾಟ್’ ಆಯಿತು. ಆ ಭಾಷೆಯಲ್ಲಿ ಬಿಸಿಗೂ ಖಾರಕ್ಕೂ ಅದೊಂದೇ ಮಾತು. ‘ತುಂಬಾ ಹಾಟ್, ಮಗು ತಿನ್ನಲಿಲ್ಲ’ ಎಂದು ಒಬ್ಬರು ಬರೆದರು. ನಾವು ಮಕ್ಕಳಿಗೆ ಬಿಸಿ ಆರಿಸಿ ಬಡಿಸಿ ಎಂದು ಮನೆಯವರಿಗೆ ಹೇಳಿದೆವು. ಆ ಅತಿಥಿ ಬರೆದದ್ದು ಚಟ್ನಿಯ ಸೂಜಿಮೆಣಸಿನ ಬಗ್ಗೆ. ಈಗ ಕೇಳುವುದು: ‘ನಿನ್ನೆ ರಾತ್ರಿ ಬಡಿಸಿದ್ದರಲ್ಲಿ ತಟ್ಟೆಯಲ್ಲೇ ಬಿಟ್ಟದ್ದು ಏನಾದರೂ ಇತ್ತಾ? ಯಾವುದು, ಯಾಕೆ?’ ಯಾಕೆ ಎಂಬುದಕ್ಕೆ ಮೆಣಸಿನ ಖಾರ, ಹುಳಿ, ರುಚಿ ಹಿಡಿಸಲಿಲ್ಲ, ಹೊಟ್ಟೆ ತುಂಬಿತ್ತು ಎಂಬ ಉತ್ತರಗಳಿವೆ. ನಮ್ಮ ಅಕ್ಕಂದಿರು ಬಡಿಸುವ ರೀತಿ ಗೊತ್ತಲ್ಲ, ಕೊನೆಯದು ಬೇಕೇ ಬೇಕು.

ಈ ಬದಲಾವಣೆಯಿಂದ ನಾವು ಕಳೆದುಕೊಂಡದ್ದೂ ಇದೆ. ನಕ್ಷತ್ರ ಹೋಗಿದ್ದರಿಂದ ಹೋದ ವರ್ಷಕ್ಕಿಂತ ಈ ವರ್ಷ ಹೇಗೆ ಎಂದು ಹೋಲಿಸಲು ಆಗುವುದಿಲ್ಲ. ಹಾಗೆಯೇ ಕೆಲವು ಮನೆಗೆ ತಿಂಗಳಿಗೆ ಐದಾರು ಫಾರಂ ಮಾತ್ರ ಬರುತ್ತವೆ. ಅಷ್ಟನ್ನು ಇಟ್ಟುಕೊಂಡು ಈ ಮನೆ ಮೇಲು, ಆ ಮನೆ ಕೆಳಗೆ ಎಂದು ಹೇಳುವುದಿಲ್ಲ. ಹಂಡೆ, ಒಲೆ, ಚಟ್ನಿ ಇಂಥವನ್ನು ಸರಿಮಾಡಲು ಅಷ್ಟು ಸಾಕು.

6ನೇ ಪ್ರಶ್ನೆಗೆ ಮಾತ್ರ ಗುರುತು ಹಾಕುವ ಚೌಕಗಳಿಲ್ಲ. ‘ಮುಂದಿನ ಅತಿಥಿ ಬರುವ ಮೊದಲು ನಾವು ಬದಲಾಯಿಸಬೇಕಾದ ಒಂದು ಸಂಗತಿ ಯಾವುದು?’ ನಿಮಗೆ ಬರುವ ಭಾಷೆಯಲ್ಲಿ ಬರೆಯಿರಿ. ತಮಿಳು, ಮಲಯಾಳ, ಯಾವುದಾದರೂ ಸರಿ. ಕನ್ನಡ ಮಾಡಿಸಿದ ಮೇಲೂ ನೀವು ಬರೆದ ಹಾಳೆಯನ್ನು ಅದರ ಜೊತೆಗೇ ಪಿನ್ ಮಾಡಿ ಇಡುತ್ತೇವೆ, ಅನುಮಾನ ಬಂದರೆ ಮೂಲ ನೋಡಬೇಕಲ್ಲ.

ಫಾರಂ ಈಗ ನಿಮ್ಮ ಕೋಣೆಯ ಮೇಜಿನ ಮೇಲೇ ಇರುತ್ತದೆ. ಹೊರಡುವ ದಿನ ಬೆಳಿಗ್ಗೆ ತುಂಬಿ, ಮಡಚಿ, ಜಗಲಿಯ ಮರದ ಡಬ್ಬಿಗೆ ಹಾಕಿ. ಹೆಸರು ಬೇಡ. ಡಬ್ಬಿಯ ಬೀಗದ ಕೈ ಸಂಘದ ಕಚೇರಿಯಲ್ಲಿದೆ, ಮನೆಯವರ ಹತ್ತಿರ ಇಲ್ಲ. ಯಾವುದಾದರೂ ಪ್ರಶ್ನೆ ಗೊತ್ತಾಗದಿದ್ದರೆ ಊಹಿಸಿ ಉತ್ತರಿಸಬೇಡಿ. ಪಕ್ಕದಲ್ಲಿ ಒಂದು ‘?’ ಹಾಕಿ. ಒಂದೇ ಪ್ರಶ್ನೆಗೆ ಎರಡು ಮೂರು ಅಂಥ ಗುರುತು ಬಂದರೆ ಆ ಪ್ರಶ್ನೆಯನ್ನೇ ತಿದ್ದುತ್ತೇವೆ. 5ನೇ ಪ್ರಶ್ನೆಗೆ ಈಗಾಗಲೇ ಎರಡು ಬಂದಿವೆ.

ಕಾರ್ಯದರ್ಶಿ
ಹೋಂಸ್ಟೇ ಮನೆಗಳ ಸಂಘದ ಪರವಾಗಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ