ದುರ್ಗಿಗುಡಿ ಮನೆಯ ಲೆಕ್ಕ

ಸ್ಟುಟ್‌ಗಾರ್ಟ್
8 ಜೂನ್ 2025

ಮಾತೃಶ್ರೀ ಅಮ್ಮನ ಪಾದಗಳಿಗೆ ನಿನ್ನ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ತೀರ್ಥಹಳ್ಳಿಯಲ್ಲಿ ನೀನು, ಅಕ್ಕ, ಭಾವ ಎಲ್ಲರೂ ಆರೋಗ್ಯದಿಂದ ಇರುವಿರೆಂದು ನಂಬಿದ್ದೇನೆ. ಕಳೆದ ವಾರ ಫೋನಿನಲ್ಲಿ ನೀನು ಮೂರು ಸಲ ಒಂದೇ ಪ್ರಶ್ನೆ ಕೇಳಿದೆ: "ಮಂಡಿ ಮಾವನ ಮನಸ್ಸು ನೋಯಿಸಿ ಕಳಿಸಲಿಲ್ಲ ತಾನೇ?" ಇಲ್ಲ ಎಂದು ಮೂರು ಸಲವೂ ಹೇಳಿದೆ, ಆದರೆ ನಿನಗೆ ಸಮಾಧಾನವಾಗಲಿಲ್ಲವೆಂದು ದನಿಯಲ್ಲೇ ತಿಳಿಯಿತು. ವಿಮಾನ ಹತ್ತುವ ಮುಂಚಿನ ರಾತ್ರಿ ಮನೆ ತುಂಬ ನೆಂಟರಿದ್ದರು. ಕೂತು ಹೇಳಲು ಆಗಲಿಲ್ಲ. ಆದ್ದರಿಂದ ಇಪ್ಪತ್ತಾರು ವರ್ಷ ಬಾಡಿಗೆಗಿದ್ದ ಮಂಡಿ ಮಾವ ಹೊರಟು ಶಿವಮೊಗ್ಗದ ನಮ್ಮ ದುರ್ಗಿಗುಡಿ ಮನೆ ಖಾಲಿಯಾದ ಕತೆಯನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಅಕ್ಕನ ಹತ್ತಿರ ಓದಿಸಿಕೊ.

ಫೆಬ್ರವರಿಯಲ್ಲಿ ಮನೆ ಮಾರಲೆಂದು ನಾನು ಬಂದಾಗ ದಲ್ಲಾಳಿ ಹೇಳಿದ ಮೊದಲ ಮಾತೇ ಬಾಡಿಗೆದಾರರಿಗೆ ಈಗಲೇ ಏನೂ ಹೇಳಬಾರದೆಂಬುದು. ಕೊಳ್ಳುವವರ ಜೊತೆ ಅಗ್ರಿಮೆಂಟ್ ಆದ ಮೇಲೆ ವಕೀಲರಿಂದ ಒಂದು ನೋಟಿಸ್ ಕೊಡಿಸಿದರೆ ಸಾಕು, ಇಪ್ಪತ್ತಾರು ವರ್ಷ ಕೂತವರು ಮುಂಚೆಯೇ ಸುಳಿವು ಸಿಕ್ಕರೆ ಮನೆಯೇ ತಮ್ಮದೆಂದು ಹೇಳಿಬಿಡುತ್ತಾರೆ ಎಂಬುದು ಅವನ ಲೆಕ್ಕಾಚಾರ. ನಾನೂ ಒಂದು ರಾತ್ರಿ ಹೆದರಿದ್ದು ನಿಜ. ಮರುದಿನ ವಕೀಲರನ್ನು ಕೇಳಿದಾಗ ಅವರು ನಕ್ಕರು. ತಿಂಗಳು ತಿಂಗಳು ಬಾಡಿಗೆ ಕೊಟ್ಟು ರಸೀದಿ ಪಡೆದವನು ಮಾಲೀಕನ ಒಪ್ಪಿಗೆಯ ಮೇಲೆ ಇದ್ದವನು. ಅವನು ಎಷ್ಟು ವರ್ಷ ಇದ್ದರೂ ಅದು ಸ್ವಾಧೀನದ ಹಕ್ಕಾಗಿ ಬದಲಾಗುವುದಿಲ್ಲವಂತೆ. ಅವರು ಎಚ್ಚರಿಸಿದ್ದು ಬೇರೆಯದನ್ನು: ಮನಸ್ತಾಪವಾಗಿ ವಿಷಯ ಕೋರ್ಟಿಗೆ ಹೋದರೆ ನಾವೇ ಗೆಲ್ಲಬಹುದು, ಆದರೆ ಅಷ್ಟು ಹೊತ್ತಿಗೆ ಕೊಳ್ಳುವವರು ಇನ್ನೊಂದು ಮನೆ ಕೊಂಡಿರುತ್ತಾರೆ. ರಸೀದಿ ಬೇಕೇ ಬೇಕೆಂದು ಅಪ್ಪನನ್ನು ಪ್ರತಿ ತಿಂಗಳೂ ಕಾಡುತ್ತಿದ್ದವರು ಮಂಡಿ ಮಾವನೇ ಎಂಬುದು ಆಗ ನೆನಪಾಗಿ, ನನ್ನ ಹೆದರಿಕೆಗೆ ನನಗೇ ನಾಚಿಕೆಯಾಯಿತು.

ಅದೇ ಸಂಜೆ ಅವರು ಅಡಿಕೆ ಮಂಡಿಯಿಂದ ಬರುವುದನ್ನು ಕಾದು, ಜಗಲಿಯ ಮೇಲೆ ಕೂತು ಹೇಳಿಬಿಟ್ಟೆ. ಅತ್ತೆ ಕಾಫಿ ತಂದಿಟ್ಟವರು ಒಳಗೆ ಹೋಗದೆ ಬಾಗಿಲಿಗೆ ಒರಗಿ ನಿಂತರು. ಮಾವ ಬೆಲೆ ಕೇಳಲಿಲ್ಲ, ಯಾರಿಗೆ ಎಂದೂ ಕೇಳಲಿಲ್ಲ. "ಯಾವ ತಿಂಗಳ ಒಳಗೆ?" ಎಂದಷ್ಟೇ ಕೇಳಿದರು. ಅವರ ಮೊಮ್ಮಗಳು ಅವರ ಜೊತೆ ಅಲ್ಲಿದ್ದೇ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಪರೀಕ್ಷೆ ಮಾರ್ಚ್ ಕೊನೆಯಲ್ಲಿ ಶುರುವಾಗಿ ಏಪ್ರಿಲ್ ಮೊದಲ ವಾರ ಮುಗಿಯುವುದಿತ್ತು. ಅಲ್ಲಿಯವರೆಗೆ ಪಾತ್ರೆ ಪಗಡೆ ಕಟ್ಟುವ ಸದ್ದು ಮಗುವಿನ ಕಿವಿಗೆ ಬೀಳಬಾರದು, ಆಷಾಢ ಹೊಕ್ಕ ಮೇಲೆ ಬೇರೆ ಮನೆಯಲ್ಲಿ ಹಾಲು ಉಕ್ಕಿಸಲು ಆಗುವುದಿಲ್ಲ. ಈ ಎರಡರ ನಡುವೆ ಯಾವ ದಿನವಾದರೂ ಸರಿ ಎಂದರು.

ಅಮ್ಮ, ಇಲ್ಲಿ ಜರ್ಮನಿಯಲ್ಲಿ ನಾನೂ ಒಬ್ಬ ಬಾಡಿಗೆದಾರ. ಎಂಟು ವರ್ಷಕ್ಕಿಂತ ಹೆಚ್ಚು ಕಾಲ ಒಂದು ಮನೆಯಲ್ಲಿದ್ದವನನ್ನು ಬಿಡಿಸಬೇಕಾದರೆ, ಅದಕ್ಕೆ ಕಾನೂನು ಒಪ್ಪುವ ಕಾರಣವಿದ್ದರೂ, ಮಾಲೀಕ ಒಂಬತ್ತು ತಿಂಗಳ ಮುಂಚೆ ತಿಳಿಸಬೇಕು. ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಕರಾರು ಮುರಿಯುವುದೂ ಇಲ್ಲ. ನಮ್ಮಲ್ಲಿ ಬೇರೆ ಕರಾರು ಇಲ್ಲದ ತಿಂಗಳ ಬಾಡಿಗೆಗೆ 1882ರ ಆಸ್ತಿ ವರ್ಗಾವಣೆ ಕಾಯಿದೆ ಹೇಳುವುದು ಹದಿನೈದು ದಿನದ ನೋಟಿಸ್. 1999ರಲ್ಲಿ ಅಪ್ಪ ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳಿಗೆಂದು ಬರೆಸಿದ ಕರಾರು ಬಿಟ್ಟರೆ ಆಮೇಲೆ ಯಾರೂ ಇನ್ನೊಂದನ್ನು ಬರೆಸಲಿಲ್ಲವಲ್ಲ, ಹಾಗಾಗಿ ಇಪ್ಪತ್ತೈದು ವರ್ಷ ಅವರು ಕಾಗದದ ಮಟ್ಟಿಗೆ ತಿಂಗಳಿಂದ ತಿಂಗಳಿಗೆ ಇದ್ದವರು. ಒಂಬತ್ತು ತಿಂಗಳ ಭದ್ರತೆಯಲ್ಲಿ ಇಲ್ಲಿ ನಿಶ್ಚಿಂತೆಯಿಂದ ಮಲಗುವ ನಾನು ಅವರಿಗೆ ಹದಿನೈದು ದಿನದ ಕಾಗದ ಕೊಡಿಸುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಕೊಳ್ಳುವವರು ನಲವತ್ತೈದು ದಿನದಲ್ಲಿ ಖಾಲಿ ಮನೆ ಕೇಳಿದ್ದರು. ಮೇ ಕೊನೆಯವರೆಗೆ ಅವಧಿ ಬೇಕೆಂದು ನಾನು ಹಠ ಹಿಡಿದೆ. ಕೊನೆಗೆ ಅದನ್ನೇ ಅಗ್ರಿಮೆಂಟಿನಲ್ಲಿ ಬರೆಸಿದೆವು: ಮನೆಯ ಕೀ ಕೊಡುವುದು ಕ್ರಯಪತ್ರ ನೋಂದಣಿಯಾಗುವ ದಿನ, ಅದು ಮೇ ಒಳಗೆ. ಅದಕ್ಕಾಗಿ ಬೆಲೆಯಲ್ಲಿ ಒಂದು ಲಕ್ಷ ಬಿಟ್ಟೆ. ಅಕ್ಕನನ್ನು ಕೇಳಿಯೇ ಬಿಟ್ಟದ್ದು. ನಿನಗೆ ಇವತ್ತು ಹೇಳುತ್ತಿದ್ದೇನೆ.

ಏಪ್ರಿಲ್ ಕೊನೆಯ ವಾರ ನಾನು ಮತ್ತೆ ಬಂದಿಳಿದು ಮನೆಯ ಹತ್ತಿರ ಹೋದರೆ ಮಾಡಿನ ಮೇಲೆ ಇಬ್ಬರು ಆಳುಗಳು ಕೂತು ಹಂಚು ಕೈಯಾಡಿಸುತ್ತಿದ್ದರು. ಕೆಳಗೆ ಮಾವ, ತಲೆಗೆ ಟವೆಲ್ ಸುತ್ತಿಕೊಂಡು, ಒಡೆದ ಹಂಚುಗಳನ್ನು ಒಂದು ಕಡೆ, ಪಾಚಿ ಕೆರೆದು ಮತ್ತೆ ಹೊದಿಸಬಹುದಾದವನ್ನು ಇನ್ನೊಂದು ಕಡೆ ಜೋಡಿಸುತ್ತಿದ್ದರು. ಅಡುಗೆಮನೆಯ ಮೇಲೆ ಒಂದು ರೀಪಿಗೆ ಗೆದ್ದಲು ಹಿಡಿದಿದೆಯೆಂದು ಹೊಸದನ್ನೂ ತರಿಸಿದ್ದರು. ಇನ್ನೊಂದು ವಾರದಲ್ಲಿ ಹೊರಡುವವರು ಇದನ್ನೇಕೆ ಮಾಡಿಸುತ್ತಿದ್ದೀರಿ ಎಂದು ಕೇಳಿದೆ. ನೋಂದಣಿಗೆ ಇನ್ನೂ ಎರಡು ವಾರವಿದೆ, ಅಷ್ಟರಲ್ಲಿ ಒಂದು ದೊಡ್ಡ ಮಳೆ ಹೊಡೆದು ಮಣ್ಣಿನ ಗೋಡೆ ನೆನೆದರೆ ಕೊಳ್ಳುವವರು ಅದೇ ನೆಪದಲ್ಲಿ ಬೆಲೆ ಇಳಿಸಿಯಾರು ಎಂದರು. ಕೊಳ್ಳುವವರು ಆ ಮನೆಯನ್ನು ಕೆಡವಿ ಅಂಗಡಿ ಮಳಿಗೆ ಕಟ್ಟುತ್ತಾರೆಂಬುದನ್ನು ನಾನು ಅವರಿಗೆ ಹೇಳಿರಲಿಲ್ಲ. ಆ ಹೊತ್ತಿನಲ್ಲೂ ಬಾಯಿ ಬರಲಿಲ್ಲ. ಆಳುಗಳ ಕೂಲಿ ಕೊಡಲು ಹೋದೆ, ಬೆಳಿಗ್ಗೆಯೇ ಕೊಟ್ಟಾಗಿತ್ತು.

ಲೆಕ್ಕಕ್ಕೆ ಕೂತದ್ದು ಅದೇ ರಾತ್ರಿ. ಅವರು ತಮ್ಮ ಕಿರ್ದಿ ಪುಸ್ತಕ ತಂದರು, ನಾನು ಟ್ರಂಕಿನಲ್ಲಿದ್ದ ಅಪ್ಪನ ಬಾಡಿಗೆ ನೋಟ್‌ಬುಕ್ ತಂದಿದ್ದೆ. ನಲವತ್ತು ವರ್ಷ ಮಂಡಿಯಲ್ಲಿ ರೈತರ ಅಡಿಕೆ ಲೆಕ್ಕ ಬರೆದ ಕೈ ಅವರದು. 1999ರ ಅಡ್ವಾನ್ಸ್ 10,000, ಬಾಡಿಗೆ 900ರಿಂದ ಹಿಡಿದು, ಬಾವಿಯ ಮೋಟಾರು ಸುಟ್ಟಾಗ ತಾವು ಕೊಟ್ಟು ಬಾಡಿಗೆಯಲ್ಲಿ ಮುರಿದುಕೊಂಡದ್ದರವರೆಗೆ ಎಲ್ಲವೂ ತಾರೀಖಿನ ಸಮೇತ ಇತ್ತು. ಎರಡು ಪುಸ್ತಕಗಳೂ ಸಾಲು ಸಾಲಾಗಿ ಹೊಂದಿಕೊಂಡು ಬಂದವು, 2020ರವರೆಗೆ. ಅಲ್ಲಿ ಮಾವ ಕನ್ನಡಕ ಒರೆಸಿಕೊಂಡು ಪುಟದ ಮೇಲೆ ಬೆರಳಿಟ್ಟರು. ಏಪ್ರಿಲ್, ಮೇ, ಜೂನ್, ತಿಂಗಳಿಗೆ 4,000ದಂತೆ ಮೂರು ತಿಂಗಳ ಬಾಕಿ 12,000. ಕೊರೋನಾದಲ್ಲಿ ಮಂಡಿ ಮುಚ್ಚಿ ಸಂಬಳ ನಿಂತಾಗ ಅಪ್ಪ ಬಾಡಿಗೆ ಬೇಡ ಅಂದಿದ್ದರಂತೆ. ಬೇಡ ಅಂದರೇನು, ಬಾಕಿ ಬಾಕಿಯೇ ಎಂದು ಇವರು ಬರೆದಿಟ್ಟಿದ್ದಾರೆ. ಅಡ್ವಾನ್ಸ್ 10,000 ಅದಕ್ಕೆ ವಜಾ ಮಾಡಿ, ಉಳಿದ 2,000 ತಾವೇ ಕೊಡಬೇಕೆಂದು ಒಂದು ಲಕೋಟೆಯನ್ನು ನನ್ನ ಮುಂದಿಟ್ಟರು. ಮೇಲೆ ನಿನ್ನ ಹೆಸರು ಬರೆದಿತ್ತು.

ನಾನು ಅಪ್ಪನ ನೋಟ್‌ಬುಕ್ಕಿನ ಅದೇ ಪುಟ ತೆಗೆದೆ. ಉಳಿದ ತಿಂಗಳುಗಳಲ್ಲಿ ಅಪ್ಪ ಬಾಡಿಗೆ ಬಂದ ದಿನ ಬರೆಯುತ್ತಿದ್ದರು, ಒಂದೊಂದು ತಿಂಗಳು ಒಂದೊಂದು ಪೆನ್ನು. ಈ ಮೂರು ಸಾಲು ಮಾತ್ರ ಒಂದೇ ಶಾಯಿಯಲ್ಲಿ, ಒಂದೇ ಸಲ ಕೂತು ಬರೆದ ಹಾಗಿದ್ದವು. ತಾರೀಖಿಲ್ಲ. ಏಪ್ರಿಲ್ ಬಂತು, ಮೇ ಬಂತು, ಜೂನ್ ಬಂತು.

ಮಾವ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ, "ಇದು ಸುಳ್ಳು ಲೆಕ್ಕ" ಎಂದರು. ಅಡುಗೆಮನೆಯಿಂದ ಅತ್ತೆ, "ಯಜಮಾನರ ಲೆಕ್ಕ ಸುಳ್ಳು ಅಂತೀರಾ?" ಎಂದು ಕೇಳಿದ್ದು ಕೇಳಿಸಿತು. ನಾನು ಮೆಲ್ಲಗೆ ಕೇಳಿದೆ: ಮಾವ, ಮಂಡಿಯಲ್ಲಿ ಹಣ ಬರಬೇಕಾದವನ ಪುಸ್ತಕದಲ್ಲಿ ಬಾಕಿಯೇ ಇಲ್ಲದಿದ್ದರೆ ವಸೂಲಿ ಮಾಡುತ್ತೀರಾ? ಅವರು ಉತ್ತರ ಕೊಡಲಿಲ್ಲ. ಲಕೋಟೆಯನ್ನು ಹಿಂದಕ್ಕೆ ಎಳೆದುಕೊಂಡು, ತಮ್ಮ ಪುಸ್ತಕದಲ್ಲಿ ಆ ಬಾಕಿಗೆ ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಮಾಲೀಕರ ಪುಸ್ತಕದಂತೆ ಚುಕ್ತಾ" ಎಂದು ಬರೆದರು. ಅಡ್ವಾನ್ಸಿನ ಪೂರ್ತಿ 10,000ವನ್ನು ಎಣಿಸಿ ತೆಗೆದುಕೊಂಡು ನನಗೆ ರಸೀದಿ ಬರೆದುಕೊಟ್ಟರು. ಅದನ್ನು ಅಪ್ಪನ ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಅಂಟಿಸಿದ್ದೇನೆ. ನೋಟ್‌ಬುಕ್ ಅಕ್ಕನ ಬೀರುವಿನಲ್ಲಿದೆ.

ನೀನು ಕೊಡು ಎಂದಿದ್ದ 50,000ದ ಮಾತು ತೆಗೆದಾಗ ಮಾತ್ರ ಅವರು ಎದ್ದೇ ಬಿಟ್ಟರು. ಮೊದಲು ನಿನ್ನ ಹೆಸರು ಹೇಳದೆ ನಾನೇ ಕೊಡುವವನಂತೆ ಮಾತಾಡಿದ್ದು ನನ್ನ ತಪ್ಪು. ಅಷ್ಟಾದರೂ ಅವರ ಕಷ್ಟ ನನಗೆ ಗೊತ್ತಿತ್ತು: ನಮ್ಮಲ್ಲಿ 5,000 ಕೊಡುತ್ತಿದ್ದವರಿಗೆ ವಿನೋಬನಗರದಲ್ಲಿ ಸಿಕ್ಕ ಮಹಡಿ ಮನೆಗೆ 9,000 ಬಾಡಿಗೆ, 60,000 ಅಡ್ವಾನ್ಸ್. ಮಂಡಿಗೆ ಹತ್ತಿರವೆಂಬುದೊಂದೇ ಅನುಕೂಲ. ಇಪ್ಪತ್ತಾರು ವರ್ಷದ ಹಿಂದಿನ ಅಡ್ವಾನ್ಸನ್ನು ಹಾಗೇ ವಾಪಸ್ ಕೊಟ್ಟು, ಲೆಕ್ಕ ಸರಿಯಾಯಿತು ಎಂದು ಕೈ ತೊಳೆದುಕೊಳ್ಳುವುದು ನ್ಯಾಯವೆಂದು ನನಗೆ ಅನ್ನಿಸಲಿಲ್ಲ. ಮರುದಿನ ಅತ್ತೆಯೇ ದಾರಿ ತೋರಿಸಿದರು. ದಾನವಾದರೆ ಅವರು ಮುಟ್ಟುವುದಿಲ್ಲ, ಸಾಲವೆಂದರೆ ಒಪ್ಪಬಹುದು ಎಂದರು. ಹಾಗೆಯೇ ಆಯಿತು. ಅವರ 10,000ಕ್ಕೆ ನಿನ್ನ 50,000 ಸೇರಿಸಿ ಹೊಸ ಮನೆಯ ಮಾಲೀಕರಿಗೆ ಅಡ್ವಾನ್ಸ್ ಕೊಟ್ಟೆವು. ರಸೀದಿ ಮಾವನ ಹೆಸರಿನಲ್ಲಿದೆ.

ಅಕ್ಷಯ ತೃತೀಯದ ದಿನ, ಏಪ್ರಿಲ್ 30ರಂದು, ಬೆಳಿಗ್ಗೆ ಅಲ್ಲಿ ಹಾಲು ಉಕ್ಕಿಸಿದರು. ಒಂದು ಸಣ್ಣ ಲಾರಿಯಲ್ಲಿ ಎರಡು ಸಲಕ್ಕೆ ಎಲ್ಲ ಸಾಮಾನು ಹೋಯಿತು. ತುಳಸಿಯನ್ನು ಮಾತ್ರ ಅತ್ತೆ ಕಟ್ಟೆಯಿಂದ ಬೇರು ಸಮೇತ ಎಬ್ಬಿಸಿ, ಡಬ್ಬಿಯೊಂದರಲ್ಲಿಟ್ಟುಕೊಂಡು ಆಟೋದಲ್ಲಿ ತೊಡೆಯ ಮೇಲೆ ಹಿಡಿದು ಕೂತರು. ಮಾವ ಮೆಸ್ಕಾಂ ಬಿಲ್ ಆ ದಿನದವರೆಗೆ ಕಟ್ಟಿ, ಮೀಟರಿನ ಅಂಕಿಯನ್ನು ನನ್ನ ಫೋನಿನಲ್ಲಿ ಫೋಟೋ ತೆಗೆಸಿದರು. ಮೂರು ಕೀ ಕೊಟ್ಟರು. ಹಿತ್ತಿಲ ಬಾಗಿಲಿನದು ಕಳೆದಿದೆಯೆಂದು ಅಪ್ಪ ವರ್ಷಗಟ್ಟಲೆ ಹುಡುಕಿದ್ದರಲ್ಲ, ಅದೂ ಅದರಲ್ಲಿತ್ತು. ಅಕ್ಕಿ ಡಬ್ಬಿ ಸರಿಸುವಾಗ ಸಿಕ್ಕಿತಂತೆ. ಆಟೋ ಹತ್ತುವ ಮುಂಚೆ ಅವರು ಮಾಡಿನತ್ತ ನೋಡಿ, "ಕೆಡವುವಾಗ ಹಂಚು ಒಡೆಯಬೇಡಿ ಅಂತ ಹೇಳು ಮಾರಾಯ, ಅರ್ಧಕ್ಕರ್ಧ ಒಳ್ಳೆಯವಿದ್ದಾವೆ" ಎಂದರು. ಅವರಿಗೆ ಮೊದಲೇ ಗೊತ್ತಿತ್ತು. ನಾನು ಕೊಳ್ಳುವವರಿಗೆ ಹೇಳಿದ್ದೇನೆ.

ಈಗ ನಿನಗೆ ಒಂದು ಕೆಲಸ. ಜುಲೈಯಿಂದ ಪ್ರತಿ ತಿಂಗಳು ನಿನ್ನ ಖಾತೆಗೆ 2,000 ಬರುತ್ತದೆ. ಇಪ್ಪತ್ತೈದು ತಿಂಗಳು, ಅಂದರೆ 2027ರ ಜುಲೈವರೆಗೆ. ಅದು ಮಂಡಿ ಮಾವನದು. ಬೇಡವೆಂದು ಫೋನ್ ಮಾಡಬೇಡ, ಅಕ್ಕನ ಕೈಲಿ ವಾಪಸ್ ಕಳಿಸಬೇಡ. ಬಂದ ದಿನ ಒಂದು ರಸೀದಿ ಬರೆದು, ಅಕ್ಕನಿಗೆ ಕೊಟ್ಟು, ಅದರ ಫೋಟೋ ತೆಗೆಸಿ ಅವರಿಗೆ ಕಳಿಸು. ತಾರೀಖು ಹಾಕಲು ಮರೆಯಬೇಡ, ಇಲ್ಲದಿದ್ದರೆ ಅವರು ತಿರುಗಿ ಕೇಳುತ್ತಾರೆ.

ಅಕ್ಕ ಭಾವನಿಗೆ ನಮಸ್ಕಾರ. ಮಳೆ ಹಿಡಿದ ಮೇಲೆ ಅಂಗಳದ ಪಾಚಿಯ ಮೇಲೆ ಒಬ್ಬಳೇ ಓಡಾಡಬೇಡ.

ಇಂತಿ ನಿನ್ನ ಮಗ