ಆಮ್‌ಸ್ಟರ್‌ಡ್ಯಾಮಿನಲ್ಲಿರುವ ತಮ್ಮನ ಮಗನಿಗೆ

ಚಿರಂಜೀವಿ ಸುಹಾಸನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಅಲ್ಲಿ ಅಂಗಡಿಯಲ್ಲೇ ಮಾರುವ, ಸೈಲೋಸೈಬಿನ್ ಎಂಬ ಭ್ರಮೆ ತರಿಸುವ ವಸ್ತುವಿರುವ ಅಣಬೆಗಡ್ಡೆ ಟ್ರಫಲ್ಲನ್ನು ಗೆಳೆಯರು ತಿನ್ನಲು ಕರೆದಿದ್ದಾರೆಂದೂ, ಅದೇ ವಸ್ತು ಒಬ್ಬನಿಗೆ ಆನಂದ, ಇನ್ನೊಬ್ಬನಿಗೆ 'ಬ್ಯಾಡ್ ಟ್ರಿಪ್' ಆಗುವುದೇಕೆಂದೂ ಕೇಳಿದ್ದೀಯ. ಮುಚ್ಚಿಡದೆ ಕೇಳಿದ್ದು ಒಳ್ಳೆಯದಾಯಿತು.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1943ರ ಏಪ್ರಿಲ್ 19ರಂದು ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಅದೇ ಬಗೆಯ ಭ್ರಮೆ ತರಿಸುವ, ತಾನೇ ತಯಾರಿಸಿದ್ದ ಎಲ್‌ಎಸ್‌ಡಿಯ 0.25 ಮಿಲಿಗ್ರಾಂ ಅನ್ನು ನೀರಿನಲ್ಲಿ ಕರಗಿಸಿ ಕುಡಿದರು. ಏನಾದರೂ ಪರಿಣಾಮ ತೋರಬಹುದಾದ ಅತಿ ಅಲ್ಪ ಪ್ರಮಾಣ ಇದೆಂಬುದು ಅವರ ಎಣಿಕೆಯಾಗಿತ್ತು. ಅದು ದೊಡ್ಡ ಪ್ರಮಾಣವೆಂಬುದು ಆಮೇಲೆ ತಿಳಿಯಿತು. ಸಹಾಯಕಿಯೊಡನೆ ಸೈಕಲ್ಲಿನಲ್ಲಿ ಮನೆ ಸೇರುವಷ್ಟರಲ್ಲಿ ಸುತ್ತಲಿನದೆಲ್ಲ ವಿಕಾರವಾಗಿ ಕಾಣತೊಡಗಿತ್ತು. ಹೆಂಡತಿ ಮಕ್ಕಳು ಊರಿನಲ್ಲಿರಲಿಲ್ಲ. ವಿಷಕ್ಕೆ ಮದ್ದೆಂದು ತರಿಸಿದ ಹಾಲನ್ನು ಹಿಡಿದು ಬಂದ ನೆರೆಮನೆಯಾಕೆ ಬಣ್ಣದ ಮುಖವಾಡ ತೊಟ್ಟ ಮಾಟಗಾತಿಯಂತೆ ಕಂಡಳು. ತನಗೆ ಹುಚ್ಚು ಹಿಡಿಯಿತು, ಸಾವು ಬಂದಿತು ಎಂದು ಅವರು ತಲ್ಲಣಿಸಿದರು. ಆದರೆ ವೈದ್ಯರು ಬಂದು ನೋಡಿದಾಗ ನಾಡಿ, ಉಸಿರು, ರಕ್ತದೊತ್ತಡ ಎಲ್ಲ ಸರಿಯಿದ್ದವು. ಕಣ್ಣಿನ ಪಾಪೆ ಮಾತ್ರ ಹಿಗ್ಗಿತ್ತು. ಔಷಧಿಯನ್ನೇನೂ ಕೊಡಲಿಲ್ಲ. ಕ್ರಮೇಣ ಭಯ ಇಳಿದು, ಮುಚ್ಚಿದ ಕಣ್ಣೊಳಗೆ ಹರಿಯುತ್ತಿದ್ದ ಬಣ್ಣಗಳನ್ನು ಅವರು ಸವಿಯತೊಡಗಿದರು.

ಹೊತ್ತು ಕಳೆದಂತೆ ಅಮಲು ತಗ್ಗಿದ್ದೂ ಇದಕ್ಕೆ ಕಾರಣವೇ, ನಿಜ. ಆದರೂ ಅದು ಇನ್ನೂ ಮೈಯಲ್ಲಿರುವಾಗಲೇ ಭಯ ಹೋಗಿ ಬೆರಗು ಬಂದದ್ದನ್ನು ಗಮನಿಸು. ಈ ವಸ್ತುಗಳು ಮನಸ್ಸಿನಲ್ಲಿ ಆಗಲೇ ಇರುವುದನ್ನೂ ಕಣ್ಣೆದುರು ಇರುವುದನ್ನೂ ಹಿಗ್ಗಿಸಿ ತೋರಿಸುತ್ತವೆ. ಮುಂಚಿನ ಅಳುಕು, ನಿರೀಕ್ಷೆ, ದುಃಖ ಇವೆಲ್ಲ ಸೇರಿ 'ಸೆಟ್'. ಕೋಣೆ, ಸದ್ದು, ಪಕ್ಕದಲ್ಲಿರುವವರು 'ಸೆಟಿಂಗ್'. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸೈಲೋಸೈಬಿನ್ ಪ್ರಯೋಗಗಳಲ್ಲಿ ಜೊತೆ ಕೂರುವವರ ಪರಿಚಯ ಬೆಳೆಯಲೆಂದೇ ಮೊದಲು ಹಲವು ಗಂಟೆ ಮಾತುಕತೆ ನಡೆಸಿ, ಆಮೇಲೆ ಮನೆಯಂಥ ಕೋಣೆಯ ಸೋಫಾದಲ್ಲಿ ಕಣ್ಣುಪಟ್ಟಿ ಕಟ್ಟಿ, ಸಂಗೀತ ಕೇಳಿಸುತ್ತ ಮಲಗಿಸುತ್ತಾರೆ. ಅಷ್ಟಾದರೂ ಕೆಲವರು ಹೆದರುತ್ತಾರೆ.

ಬ್ಯಾಡ್ ಟ್ರಿಪ್ ಎಂಬ ಒಂದೇ ಮಾತಿನಲ್ಲಿ ಜನರು ಎರಡು ಸಂಗತಿಗಳನ್ನು ಬೆರೆಸುತ್ತಾರೆ. ಸಾಯುತ್ತೇನೆ, ಇದು ಮುಗಿಯುವುದೇ ಇಲ್ಲ ಎಂಬ ದಿಗಿಲು ಒಂದು. ಟ್ರಫಲ್ಲಿನದು ಸಾಮಾನ್ಯವಾಗಿ ನಾಲ್ಕಾರು ಗಂಟೆಗಳಲ್ಲಿ ಇಳಿಯುತ್ತದೆ. ಅಮಲು ಇಳಿದ ಮೇಲೂ ಉಳಿಯುವ ಚಿತ್ತವಿಕಾರ ಇನ್ನೊಂದು. ಇದು ಅಪರೂಪವಾದರೂ, ಹತ್ತಿರದ ಬಂಧುಗಳಲ್ಲಿ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಎಂಬ ಮನೋರೋಗ ಇರುವವರನ್ನು ಅಂಥ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ನಿನ್ನ ಚಿಕ್ಕಪ್ಪ ಇಪ್ಪತ್ತೆರಡರ ವಯಸ್ಸಿನಿಂದ ಬೈಪೋಲಾರಿನ ಮದ್ದಾದ ಲಿಥಿಯಂ ನುಂಗುತ್ತಿರುವುದು ನಿನಗೆ ಗೊತ್ತು. ಆದ್ದರಿಂದ ಕೋಣೆ ಎಷ್ಟೇ ಚೆನ್ನಾಗಿರಲಿ, ನೀನು ತಿನ್ನಕೂಡದು.

ಗೆಳೆಯರು ತಿಂದರೆ ನೀನು ಎಚ್ಚರದಿಂದ ಜೊತೆಗಿರು. ಯಾರಾದರೂ ಬೆದರಿದರೆ ವಾದಿಸಬೇಡ, ನಗಬೇಡ. ಗದ್ದಲವಿಲ್ಲದ ಕೋಣೆಗೆ ಕರೆದೊಯ್ದು, ಇದು ತಿಂದದ್ದರ ಪರಿಣಾಮ, ಇಳಿಯುತ್ತದೆ, ನಾನಿಲ್ಲೇ ಇದ್ದೇನೆ ಎಂದು ಮೆಲ್ಲಗೆ ಹೇಳು. ಕಿಟಕಿಯತ್ತ ನುಗ್ಗಿದರೆ, ಫಿಟ್ಸ್ ಬಂದರೆ, ಎದೆನೋವೆಂದರೆ ಕಾಯದೆ 112ಕ್ಕೆ ಕರೆಮಾಡಿ, ತಿಂದದ್ದೇನೆಂಬುದನ್ನು ಅವರಿಗೆ ಇದ್ದಂತೆಯೇ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ